‘ಈಗೆಲ್ಲಾ ಏನ್ ಮಾಡ್ತೀರಿ?’ ಎಂದು ಕೇಳುವ ಮುನ್ನ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ಟೇಬಲ್ಲಿನ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಗಾಬ್ಲಿನ್‌ಗಳು ಪೊದೆಯಿಂದ ಹಾರಿ ಹೊಡೆದಾಟ ಶುರುವಾದರೆ ನಾಲ್ಕು ಜನ ಆಟಗಾರರೂ ಸಮಾನರು. ಹೊಡೆದಾಟ ಮುಗಿದು ಎಲ್ಲರೂ ಊರೊಳಗೆ ಕಾಲಿಟ್ಟರೋ, ಒಬ್ಬನೇ ಮಾತಾಡುತ್ತಾನೆ, ಇಬ್ಬರು ಆಗಾಗ ಹೂಂಗುಟ್ಟುತ್ತಾರೆ, ನಾಲ್ಕನೆಯವಳು ದಾಳವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿರುತ್ತಾಳೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಥೆ ಕಟ್ಟುವ ಆಟ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಊರು, ಕಾಡು, ಶತ್ರು, ಅಂಗಡಿಯವನು ಎಲ್ಲವೂ ಅವರ ಬಾಯಲ್ಲೇ ಹುಟ್ಟಬೇಕು. ಮಿಕ್ಕವರು ತಲಾ ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಫಲ ಏನಾಗುತ್ತದೆಂದು ಅನುಮಾನ ಇದ್ದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಮೊದಲು ಅಚ್ಚು ಹಾಕಿಸಿದರು. ಇವತ್ತು ಬೆಂಗಳೂರಿನಲ್ಲೂ ವಾರಾಂತ್ಯಕ್ಕೆ ಇದಕ್ಕೆಂದೇ ಸೇರುವವರಿದ್ದಾರೆ.

ಹೊಡೆದಾಟದಲ್ಲಿ ಸಮಾನತೆ ಬರುವುದು ಯಾರ ಒಳ್ಳೆಯತನದಿಂದಲೂ ಅಲ್ಲ, ನಿಯಮದಿಂದ. ಇನಿಶಿಯೇಟಿವ್ ಎಂದು ಎಲ್ಲರೂ ದಾಳ ಹಾಕುತ್ತಾರೆ, ಬಂದ ಅಂಕಿಯ ಕ್ರಮದಲ್ಲಿ ಒಬ್ಬೊಬ್ಬರ ಸರದಿ ಬರುತ್ತದೆ. ನಿಮ್ಮ ಸರದಿ ಬರುವತನಕ ಕಾಯಬೇಕು, ಬಂದಾಗ ಏನಾದರೂ ಹೇಳಲೇಬೇಕು. ಊರಿನ ಬೀದಿಯಲ್ಲಿ ಆ ನಿಯಮ ಇಲ್ಲ. ಅಲ್ಲಿ ಇರುವುದು ಡಿಎಂ ಇಡೀ ಟೇಬಲ್ಲಿಗೆ ಎಸೆಯುವ ಒಂದೇ ಪ್ರಶ್ನೆ: ‘ಸರಿ, ಈಗೆಲ್ಲಾ ಏನ್ ಮಾಡ್ತೀರಿ?’

ಅನಾಹುತದ ಬೀಜ ಈ ಪ್ರಶ್ನೆಯಲ್ಲೇ ಇದೆ. ಆಟ ಹೊರಬಂದ ಅದೇ 1974ರಲ್ಲಿ ಹಾರ್ವಿ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ ಎಂಬ ಮೂವರು ವಿದ್ವಾಂಸರು, ಮಾತುಕತೆಯಲ್ಲಿ ಸರದಿ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅವರು ಕಂಡದ್ದು ಸರಳ: ಮಾತಾಡುತ್ತಿರುವವರು ಹೆಸರು ಹಿಡಿದೋ ಮುಖ ನೋಡಿಯೋ ಮುಂದಿನವರನ್ನು ಆರಿಸಿದರೆ ಸರದಿ ಅವರದು. ಯಾರನ್ನೂ ಆರಿಸದಿದ್ದರೆ, ಮೊದಲು ಬಾಯಿ ತೆರೆದವರದು. ಮಾತಿನ ಎರಡು ಸರದಿಗಳ ನಡುವಿನ ಬಿಡುವು ಎಷ್ಟಿರುತ್ತದೆ ಎಂದು ಹತ್ತು ಭಾಷೆಗಳಲ್ಲಿ ಅಳೆದ ಇನ್ನೊಂದು ಅಧ್ಯಯನ 2009ರಲ್ಲಿ ಬಂತು. ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ‘ಈಗೆಲ್ಲಾ ಏನ್ ಮಾಡ್ತೀರಿ?’ ಎಂಬುದು ಯಾರನ್ನೂ ಆರಿಸದ ಪ್ರಶ್ನೆ. ಹಾಗಾಗಿ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಉತ್ತರ ಸಿದ್ಧ ಇರುವವನಿಗೇ ಅದು ಸೇರುತ್ತದೆ, ಅಂಥವನು ಪ್ರತಿ ಟೇಬಲ್ಲಿನಲ್ಲೂ ಒಬ್ಬ ಇರುತ್ತಾನೆ.

ಅವನನ್ನು ದೂರುವುದು ಸುಲಭ. ನನಗಂತೂ ಅವನ ಮೇಲೆ ಅರ್ಧ ಸಿಟ್ಟು, ಅರ್ಧ ಕನಿಕರ. ಎಷ್ಟೋ ಸಲ ಅವನು ಮಾತಾಡುವುದು ಬೇರೆ ಯಾರೂ ಮಾತಾಡುತ್ತಿಲ್ಲ ಎಂಬ ಕಾರಣಕ್ಕೆ. ಡಿಎಂ ಕೇಳಿದ ಪ್ರಶ್ನೆ ಗಾಳಿಯಲ್ಲಿ ತೂಗಾಡುವುದನ್ನು ನೋಡಲಾಗದೆ ಅವನೇ ಹಿಡಿಯುತ್ತಾನೆ. ಇದಕ್ಕೆ ಹಳೆಯ ಪರಂಪರೆಯೂ ಇದೆ ಅನ್ನಿ. 1981ರ ಬೇಸಿಕ್ ನಿಯಮಪುಸ್ತಕದಲ್ಲಿ ‘ಕಾಲರ್’ ಎಂಬ ಹುದ್ದೆಯೇ ಇತ್ತು, ಇಡೀ ತಂಡ ಏನು ಮಾಡುತ್ತದೆ ಎಂದು ಡಿಎಂಗೆ ತಿಳಿಸುವುದು ಆ ಒಬ್ಬ ಆಟಗಾರನ ಕೆಲಸ. ಇವತ್ತಿನ ಟೇಬಲ್ಲುಗಳಲ್ಲಿ ಆ ಹುದ್ದೆ ಕಾಣುವುದಿಲ್ಲ, ಹುದ್ದೇದಾರ ಮಾತ್ರ ಹಾಗೇ ಇದ್ದಾನೆ.

ಮೌನವಾಗಿರುವವರೂ ಎಲ್ಲರೂ ಒಂದೇ ಬಗೆಯಲ್ಲ. ರಾಬಿನ್ ಲಾಸ್ ಎಂಬ ಆಟ ವಿನ್ಯಾಸಕ 2002ರಲ್ಲಿ ಬರೆದ ಕೈಪಿಡಿಯಲ್ಲಿ ‘ಕ್ಯಾಶುವಲ್ ಗೇಮರ್’ ಎಂದು ಒಂದು ವರ್ಗ ಗುರುತಿಸಿದ್ದಾರೆ. ಗೆಳೆಯರ ಜೊತೆ ಕೂರಲು ಬಂದವರು ಇವರು. ರಂಗದ ನಡುವೆ ನಿಲ್ಲಿಸಿದರೆ ಮುಜುಗರ ಪಡುತ್ತಾರೆ, ಮೂಲೆಯಲ್ಲಿದ್ದರೆ ಸುಖವಾಗಿರುತ್ತಾರೆ. ಅವರನ್ನು ಬಲವಂತ ಮಾಡಬಾರದು. ಆದರೆ ಹೇಳುವುದಿದ್ದೂ ಸಂದು ಸಿಗದೆ ಸುಮ್ಮನಾದವರು ಬೇರೆ. ಗುರುತಿಸುವುದು ಕಷ್ಟವಲ್ಲ. ಎರಡು ವಾರದ ಹಿಂದೆ ಬಂದುಹೋದ ಅಂಗಡಿಯವನ ಹೆಸರು ಎಲ್ಲರಿಗೂ ಮರೆತಿದ್ದಾಗ ಮೆಲ್ಲಗೆ ನೆನಪಿಸುವವಳು, ಉಸಿರೆಳೆದು ಬಾಯಿ ತೆರೆದು ಮತ್ತೆ ಮುಚ್ಚುವವಳು, ಆಟ ಮುಗಿದು ಚಪ್ಪಲಿ ಮೆಟ್ಟುವಾಗ ‘ಅಲ್ಲಿ ಹೀಗೆ ಮಾಡಬಹುದಿತ್ತಲ್ವಾ’ ಎನ್ನುವವಳು, ಇವಳಿಗೆ ಜಾಗ ಬೇಕು. ಪ್ರತಿ ಸಲವೂ ‘ಏನಾಯ್ತು ಈಗ?’ ಎಂದು ಫೋನಿನಿಂದ ತಲೆ ಎತ್ತುವವನಿಗೆ ಬೇಕಿರುವುದು ಬಹುಶಃ ಬೇರೆ ಆಟ.

ಅನುಮಾನ ಇದ್ದರೆ ಒಂದು ಸೆಷನ್ ಪೂರ್ತಿ ಗೀಟು ಹಾಕಿ ನೋಡಬಹುದು. ಡಿಎಂ ಮುಂದಿನ ಅಡ್ಡಪರದೆಯ ಹಿಂದೆ ನಾಲ್ಕು ಹೆಸರು ಬರೆದುಕೊಂಡು, ಕಥೆಯನ್ನು ಮುಂದೆ ತಳ್ಳುವ ಒಂದು ನಿರ್ಧಾರ ಯಾರ ಬಾಯಿಂದ ಬಂದರೂ ಆ ಹೆಸರಿನ ಮುಂದೆ ಒಂದು ಗೀಟು. ಮಾತಿನ ಉದ್ದ ಎಣಿಸಬೇಡಿ, ನಿರ್ಧಾರ ಎಣಿಸಿ. ತಮಾಷೆ ಮಾಡುತ್ತಾ ತುಂಬ ಮಾತಾಡುವವನು ಏನನ್ನೂ ನಿರ್ಧರಿಸದೆ ಇರಬಹುದು, ಅವನಿಂದ ತೊಂದರೆ ಇಲ್ಲ. ‘ನಾವೆಲ್ಲ ಒಳಗೆ ಹೋಗ್ತೀವಿ’ ಎಂದು ಇತರರ ಪರವಾಗಿ ಹೇಳುವವನ ಮುಂದೆ ಮಾತ್ರ ಎರಡು ಗೀಟು ಹಾಕಬೇಕು.

ಇನ್ನು ಉಪಾಯ. ಇಬ್ಬರ ಸ್ವಭಾವವನ್ನೂ ಬದಲಿಸಲು ಡಿಎಂಗೆ ಆಗದು. ಅವರ ಕೈಲಿರುವುದು ಸೀನು: ಎಲ್ಲಿ ತೆರೆಯಬೇಕು, ಯಾವ ಗಳಿಗೆಯಲ್ಲಿ, ಅಲ್ಲಿ ಯಾರಿದ್ದಾರೆ, ಎಲ್ಲಿ ಕತ್ತರಿಸಬೇಕು. ತಾಳಮದ್ದಲೆ ಕೇಳಿದವರಿಗೆ ಇದು ಹೊಸದಲ್ಲ. ಅರ್ಥಧಾರಿ ಎಷ್ಟೇ ವಾಗ್ಮಿಯಾಗಿರಲಿ, ಪ್ರಸಂಗ ಯಾವ ಪದ್ಯಕ್ಕೆ ಹೊರಳಬೇಕು ಎಂಬುದು ಭಾಗವತರ ಕೈಲಿ. ಕೃಷ್ಣನ ಮಾತು ಲಂಬಿಸಿತು ಅನ್ನಿಸಿದರೆ ಅವರು ‘ಸಾಕು’ ಎನ್ನುವುದಿಲ್ಲ, ಜಾಗಟೆ ಎತ್ತಿಕೊಂಡು ಎದುರು ಪಾತ್ರದ ಪದ್ಯ ಶುರು ಮಾಡುತ್ತಾರೆ. ಯಾರಿಗೂ ಅವಮಾನವಾಗದೆ ಸರದಿ ದಾಟುತ್ತದೆ.

ನಿಜವಾದ ಒಂದು ಕಥೆಯಲ್ಲೇ ಇದನ್ನು ಮಾಡಿ ನೋಡೋಣ. 2014ರ ಸ್ಟಾರ್ಟರ್ ಸೆಟ್‌ನ ಜೊತೆ ಬಂದ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಹೊಸಬರು ಬಹಳಷ್ಟು ಜನ ಆಡಿರುವ ಸಾಹಸ. ಗಾಡಿ ತುಂಬ ಸಾಮಾನು ಹೇರಿಕೊಂಡು ಫ್ಯಾಂಡಲಿನ್ ಎಂಬ ಗಣಿಯೂರಿಗೆ ಹೋಗುವ ದಾರಿಯಲ್ಲಿ ಗಾಬ್ಲಿನ್‌ಗಳ ದಾಳಿಯಾಗುತ್ತದೆ. ಊರು ಸೇರಿದರೆ ಅಲ್ಲಿ ರೆಡ್‌ಬ್ರ್ಯಾಂಡ್ ಎಂಬ ಪುಂಡರ ಗುಂಪಿನ ಹಾವಳಿ. ಊರಿನ ಭಾಗದಲ್ಲಿ ಮಾತಾಡಿಸಲು ಹತ್ತಾರು ಜನರಿದ್ದಾರೆ, ಸರದಿಯ ನಿಯಮ ಒಂದೂ ಇಲ್ಲ. ವಾಚಾಳಿಗೆ ಹೇಳಿ ಮಾಡಿಸಿದ ಜಾಗ.

ನಮ್ಮ ಟೇಬಲ್ಲಿನಲ್ಲಿ ಒಬ್ಬ ಯೋಧ, ಒಬ್ಬ ಪುರೋಹಿತ, ಒಬ್ಬ ಮಂತ್ರವಾದಿ ಮತ್ತು ಗಿಡ್ಡ ಹಾಫ್ಲಿಂಗ್ ಜನಾಂಗದ ಒಬ್ಬ ಕಳ್ಳಿ ಇದ್ದಾರೆ ಅಂದುಕೊಳ್ಳಿ. ಯೋಧ ವಾಚಾಳಿ, ಕಳ್ಳಿ ಮೌನಿ. ಸಾಮಾನ್ಯವಾಗಿ ನಡೆಯುವುದು ಹೀಗೆ. ‘ಊರು ತಲುಪಿದ್ರಿ, ಏನ್ ಮಾಡ್ತೀರಿ?’ ಯೋಧ: ‘ನಾವು ಸೀದಾ ಸ್ಟೋನ್‌ಹಿಲ್ ಛತ್ರಕ್ಕೆ ಹೋಗ್ತೀವಿ, ನಾನು ಮಾಲೀಕನ್ನ ಮಾತಾಡಿಸ್ತೀನಿ.’ ಅಲ್ಲಿಂದ ಅವನೇ ಊರಧಿಕಾರಿಯ ಬಳಿಗೆ, ಅವನೇ ಗುಡಿಗೆ, ಅವನೇ ತೋಟಕ್ಕೆ. ಒಂದೂವರೆ ಗಂಟೆಯಲ್ಲಿ ಊರು ಮುಗಿಯುತ್ತದೆ, ಮೂವರು ಅವನ ಹಿಂದೆ ಮೆರವಣಿಗೆ ಹೋಗಿರುತ್ತಾರೆ.

ಈಗ ಡಿಎಂ ಬೇರೆ ರೀತಿ ತೆರೆಯಲಿ. ‘ಸಂಜೆಯಾಗಿದೆ. ಬಾರ್ಥೆನ್ ಅಂಗಡಿ ಮುಂದೆ ಗಾಡಿ ನಿಂತಿದೆ, ಸಾಮಾನು ಇಳಿಸೋಕೆ ಕತ್ತಲಾಗತ್ತೆ. ಯೋಧ, ಪುರೋಹಿತ ಇಬ್ರೂ ಮೂಟೆ ಹೊರ್ತಿದ್ದೀರಿ. ಮಂತ್ರವಾದಿ, ಎದುರಿಗೆ ಅದೃಷ್ಟದೇವತೆಯ ಗುಡೀಲಿ ಸಿಸ್ಟರ್ ಗಾರೆಲೆ ಒಬ್ಬಳೇ ಇದ್ದಾಳೆ, ಕಳೆದುಹೋದ ಮಂತ್ರದ ಪುಸ್ತಕದ ಬಗ್ಗೆ ಅವಳಿಗೆ ಗೊತ್ತು ಅಂತ ಸುದ್ದಿ. ಕಳ್ಳಿ, ನೀನು ಊರಾಚೆ ಕೆಲೀನ್ ಆಲ್ಡರ್‌ಲೀಫಳ ತೋಟದ ಮನೇಲಿ. ಎಲ್ರಿಗೂ ಸರೀನಾ?’ ಕೊನೆಯ ಪ್ರಶ್ನೆ ಶಿಷ್ಟಾಚಾರಕ್ಕಲ್ಲ. ಪಾತ್ರ ಆಟಗಾರರದು, ಅವರ ಕಾಲನ್ನು ಡಿಎಂ ನಡೆಸುವಾಗ ಒಪ್ಪಿಗೆ ಕೇಳಲೇಬೇಕು. ಯಾರಾದರೂ ‘ನಾನು ಅಲ್ಲಿ ಹೋಗಲ್ಲ’ ಎಂದರೆ ಬದಲಿಸಬೇಕು. ಆದರೆ ಹೆಚ್ಚಿನವರು ಒಪ್ಪುತ್ತಾರೆ, ಯಾಕೆಂದರೆ ಎಲ್ಲರಿಗೂ ಏನೋ ಒಂದು ಸಿಕ್ಕಿದೆ.

ಮೊದಲು ಯೋಧನ ಸೀನು. ಇದು ಮುಖ್ಯ, ಹಸಿದಿರುವವನು ಅವನೇ. ಮೂಟೆ ಇಳಿಸುವಾಗ ಕೆಂಪು ಮೇಲಂಗಿ ಹೊದ್ದ ನಾಲ್ವರು ಪುಂಡರು ಬೀದಿಗೆ ಅಡ್ಡ ನಿಲ್ಲುತ್ತಾರೆ. ಒಬ್ಬ ಬೇಕಂತಲೇ ಹಿಟ್ಟಿನ ಚೀಲಕ್ಕೆ ಚಾಕು ಹಾಕುತ್ತಾನೆ. ಯೋಧ ಎಂದಿನಂತೆ ದೊಡ್ಡ ಮಾತಾಡುತ್ತಾನೆ, ಬೆದರಿಸುತ್ತೇನೆ ಎನ್ನುತ್ತಾನೆ, ದಾಳ ಎತ್ತಿಕೊಳ್ಳುತ್ತಾನೆ. ಅಲ್ಲೇ ಡಿಎಂ ಹೇಳಬೇಕು: ‘ದಾಳ ಕೈಯಲ್ಲೇ ಇರ್ಲಿ. ಪುಂಡನ ಕೈ ಕತ್ತಿ ಹಿಡಿ ಮೇಲಿದೆ. ಅದೇ ಹೊತ್ತಿಗೆ, ತೋಟದ ಮನೇಲಿ...’

ಅವನು ಹಲ್ಲು ಕಡಿಯಬಹುದು, ಆದರೆ ಸಿಟ್ಟಾಗುವುದಿಲ್ಲ. ಅವನ ಬಾಯಿ ಯಾರೂ ಮುಚ್ಚಿಸಲಿಲ್ಲ, ಅವನ ಸೀನು ಉತ್ತುಂಗದಲ್ಲಿ ನಿಂತಿದೆ, ಕೈಯಲ್ಲಿ ದಾಳವೂ ಇದೆ. ಸೀರಿಯಲ್ಲು ನೋಡುವ ಎಲ್ಲರಿಗೂ ಗೊತ್ತಿರುವ ಕಾಯುವಿಕೆ ಇದು.

ತೋಟದ ಮನೆಯ ಸೀನನ್ನು ತಡವಾಗಿ ತೆರೆಯಬೇಕು. ಬಾಗಿಲು ತಟ್ಟುವುದು, ನಮಸ್ಕಾರ, ಕುಶಲ ವಿಚಾರಣೆ ಎಲ್ಲ ಮುಗಿದಾಗಿದೆ. ಅಂಥ ಖಾಲಿ ಜಾಗದಲ್ಲಿ ಮೌನಿಯನ್ನು ನಿಲ್ಲಿಸಿ ‘ಏನ್ ಮಾಡ್ತೀಯ?’ ಎಂದರೆ ಅವಳು ‘ಸುಮ್ನೆ ಕೂತ್ಕೋತೀನಿ’ ಎನ್ನುತ್ತಾಳೆ, ತಪ್ಪು ಅವಳದಲ್ಲ. ಈ ಸೆಟ್ಟಿನ ಕಳ್ಳಿಯ ಹಾಳೆಯಲ್ಲಿ ಅವಳಿಗೆ ರೆಡ್‌ಬ್ರ್ಯಾಂಡ್‌ಗಳ ಮೇಲೆ ಹಳೆಯ ಹಗೆ ಇದೆ. ಕೆಲೀನಳ ಮಗ ಕಾರ್ಪ್ ಎಂಬ ಹುಡುಗನಿಗೆ ಪುಂಡರ ಅಡಗುತಾಣಕ್ಕೆ ಹೋಗುವ ಗುಟ್ಟಿನ ಸುರಂಗ ಗೊತ್ತು. ಇವೆರಡನ್ನೂ ಕೂಡಿಸಿ. ‘ಕೆಲೀನ್ ಒಳಗೆ ರೊಟ್ಟಿ ಸುಡ್ತಿದ್ದಾಳೆ. ಕಾರ್ಪ್ ನಿನ್ನ ಸೆರಗು ಎಳೆದು ಪಿಸುಗುಡ್ತಾನೆ: ಅಕ್ಕಾ, ಕೆಂಪಂಗಿಯವ್ರು ಒಳಗೆ ಹೋಗೋ ಬಿಲ ನಂಗೊತ್ತು. ನಾನೇ ತೋರಿಸ್ತೀನಿ, ಅಮ್ಮಂಗೆ ಹೇಳ್ಬೇಡ. ಒಳಗಿಂದ ಕೆಲೀನ್ ಕೇಳ್ತಾಳೆ: ಏನೋ ಅದು ಗುಸುಗುಸು? ಕಳ್ಳಿ, ಅವಳಿಗೆ ಏನಂತೀಯ?’

ಇಲ್ಲಿ ಪ್ರಶ್ನೆ ಹೆಸರು ಹಿಡಿದು ಬಂದಿದೆ. ಉತ್ತರ ಚಿಕ್ಕದಾಗಿದ್ದರೂ ನಡೆಯುತ್ತದೆ. ಸುಳ್ಳು ಹೇಳಬಹುದು, ನಿಜ ಹೇಳಬಹುದು, ಹುಡುಗನಿಂದ ನಕ್ಷೆ ಬರೆಸಿಕೊಳ್ಳಬಹುದು, ಕರೆದುಕೊಂಡೇ ಹೋಗಬಹುದು. ಯಾವುದನ್ನು ಆರಿಸಿದರೂ ನಾಲ್ವರೂ ಅಡಗುತಾಣಕ್ಕೆ ಹೇಗೆ ನುಗ್ಗುತ್ತಾರೆ ಎಂಬುದು ಬದಲಾಗುತ್ತದೆ. ಕಳ್ಳಿಗೆ ಬೀಗ ತೆಗೆಯಲು ಕೊಟ್ಟು ‘ಅವಳಿಗೂ ಅವಕಾಶ ಕೊಟ್ಟೆ’ ಎಂದುಕೊಳ್ಳುವ ಡಿಎಂಗಳಿದ್ದಾರೆ. ಅದು ಸುಳ್ಳು ಅವಕಾಶ. ದಾಳ ಉರುಳಿತು, ಹದಿನೇಳು ಬಂತು, ಬೀಗ ತೆರೆಯಿತು, ಹತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಒಳಗೆ ಏನು ಮಾಡಬೇಕೆಂದು ಮತ್ತೆ ಯೋಧನೇ ಹೇಳುತ್ತಾನೆ. ಅವಳಿಗೆ ಬೇಕಿದ್ದದ್ದು ನಿರ್ಧಾರ, ದಾಳವಲ್ಲ.

ಪ್ರಶ್ನೆ ಕೇಳಿದ ಮೇಲೆ ಡಿಎಂ ಸುಮ್ಮನಿರಬೇಕು, ಇದೇ ಎಲ್ಲಕ್ಕಿಂತ ಕಷ್ಟ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ತರಗತಿಗಳನ್ನು ಗಮನಿಸಿ, ಶಿಕ್ಷಕರು ಪ್ರಶ್ನೆ ಕೇಳಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಉತ್ತರಿಸಿದರು. ಟೇಬಲ್ಲಿನಲ್ಲಿ ಮೂರು ಸೆಕೆಂಡು ಬಹಳ ಉದ್ದ ಅನ್ನಿಸುತ್ತದೆ. ಆಗ ಡಿಎಂ ಕಣ್ಣು ಮೌನಿಯನ್ನೇ ನೆಟ್ಟು ನೋಡಬಾರದು. ಟಿಪ್ಪಣಿ ನೋಡಲಿ, ನೀರು ಕುಡಿಯಲಿ. ಇನ್ನೂ ಒಳ್ಳೆಯದು ಮೊದಲೇ ಸೂಚನೆ ಕೊಡುವುದು: ಚಹಾ ಬಿಡುವಿನಲ್ಲಿ ‘ಯೋಧನ ಸೀನಾದ್ಮೇಲೆ ಕೆಲೀನ್ ಮನೆಗೆ ಬರ್ತೀನಿ, ಆ ಪುಂಡರ ಬಗ್ಗೆ ನಿನ್ನ ಪಾತ್ರಕ್ಕೆ ಏನನ್ಸುತ್ತೆ ಯೋಚ್ಸಿರು’ ಎಂದು ಒಂದು ಮಾತು. ಮೌನಿಗಳಲ್ಲಿ ಹೆಚ್ಚಿನವರಿಗೆ ಮಾತಿನ ಕೊರತೆ ಇರುವುದಿಲ್ಲ. ಯೋಚಿಸಲು ಅವರಿಗೆ ಹತ್ತು ನಿಮಿಷ ಬೇಕು, ಟೇಬಲ್ಲು ಕೊಡುವುದು ಸೆಕೆಂಡಿನ ಐದನೇ ಒಂದು ಭಾಗ.

ಅಷ್ಟರಲ್ಲಿ ಯೋಧನ ಕಡೆಯಿಂದ ಬರುತ್ತದೆ: ‘ಏ, ಹುಡುಗನ್ನ ಕರ್ಕೊಂಡ್ ಬಾ! ಯೂಸ್ ಆಗ್ತಾನೆ!’ ಡಿಎಂ ನಗುತ್ತಲೇ ಹೇಳಬಹುದು, ‘ನೀನು ಬೀದೀಲಿದ್ದೀಯ ಮಾರಾಯಾ, ಎದುರಿಗೆ ಕತ್ತಿ. ತೋಟಕ್ಕೆ ಕೇಳಿಸಲ್ಲ.’ ಸೀನಿಗೆ ಯಾರಿದ್ದಾರೆ ಎಂದು ಮೊದಲೇ ನಿಗದಿ ಮಾಡಿದ್ದರ ಲಾಭ ಇದು. ತಡೆಯುತ್ತಿರುವುದು ದೂರ, ಡಿಎಂ ಅಲ್ಲ. ಆದರೂ ನಿಲ್ಲಿಸದವನಾದರೆ ಅವನನ್ನು ಸೀನಿನೊಳಕ್ಕೇ ಎಳೆದುಕೊಳ್ಳುವುದು ಜಾಣತನ. ‘ಈ ಸೀನಲ್ಲಿ ಕಾರ್ಪ್ ನೀನೇ ಆಡು. ಅಕ್ಕ ಏನು ಹೇಳಿದ್ರೂ ನಂಬ್ತಾನೆ, ತಾನಾಗಿ ಏನೂ ನಿರ್ಧಾರ ಮಾಡಲ್ಲ, ಬರೀ ಪ್ರಶ್ನೆ ಕೇಳ್ತಾನೆ.’ ಅವನ ಹುರುಪೂ ಉಳಿಯಿತು, ಆ ಹುರುಪು ಈಗ ಮೌನಿಗೆ ಪ್ರಶ್ನೆ ಒದಗಿಸುವ ಕೆಲಸಕ್ಕೆ ಬಂತು. ಈ ಪಾತ್ರವನ್ನು ಅದ್ಭುತವಾಗಿ ಆಡುವ ವಾಚಾಳಿಗಳಿದ್ದಾರೆ.

ಕಳ್ಳಿ ಕೊನೆಗೆ ‘ಏನಿಲ್ಲ ಅತ್ತೆ, ಮೊಲದ ಬಿಲ ತೋರಿಸ್ತಾನಂತೆ’ ಎಂದಳು ಎನ್ನಿ. ತಕ್ಷಣ ಮುಂದಕ್ಕೆ ಓಡಬಾರದು. ವಾಚಾಳಿಯ ಮಾತಿಗೆ ಜಗತ್ತು ಬೇಗ ಉತ್ತರಿಸಿದರೆ ಚೆನ್ನ, ಮೌನಿಯ ಮಾತಿಗೆ ನಿಧಾನವಾಗಿ, ಗುರುತು ಉಳಿಯುವಂತೆ ಉತ್ತರಿಸಬೇಕು. ಕೆಲೀನಳ ಸೌಟು ಒಂದು ಕ್ಷಣ ನಿಂತಿತು, ‘ಮೊಲವಾ... ಕತ್ತಲಾಗೋದ್ರೊಳಗೆ ಬಂದ್ಬಿಡ್ರಪ್ಪಾ’ ಎಂದಳು, ಕಾರ್ಪ್‌ನ ಕಣ್ಣು ಅರಳಿತು. ಅವಳ ಸುಳ್ಳು ಈಗ ಆ ಜಗತ್ತಿನಲ್ಲಿ ನಡೆದುಹೋದ ಘಟನೆ. ಆಮೇಲೆ ಕತ್ತರಿಸಿ.

ಇಲ್ಲಿ ಒಂದು ವ್ಯತ್ಯಾಸವಿದೆ, ಅದನ್ನು ಅನೇಕ ಡಿಎಂಗಳು ಗಮನಿಸುವುದಿಲ್ಲ. ವಾಚಾಳಿಯ ಸೀನನ್ನು ಪ್ರಶ್ನೆಯ ಮೇಲೆ ಕತ್ತರಿಸಬೇಕು, ಮೌನಿಯದನ್ನು ಉತ್ತರದ ಮೇಲೆ. ಪ್ರಶ್ನೆಯಲ್ಲಿ ನಿಂತ ವಾಚಾಳಿ ಕುತೂಹಲದಿಂದ ಕಾಯುತ್ತಾನೆ. ಅದೇ ಜಾಗದಲ್ಲಿ ನಿಲ್ಲಿಸಿದರೆ ಮೌನಿಗೆ ತನ್ನ ಮಾತನ್ನು ಮತ್ತೆ ಯಾರೋ ನುಂಗಿದರು ಅನ್ನಿಸುತ್ತದೆ. ಅವಳು ಹಿಂದಿರುಗಿ ಬರುವಷ್ಟರಲ್ಲಿ ಆ ಧೈರ್ಯ ಇಳಿದುಹೋಗಿರುತ್ತದೆ. ಎರಡೂ ಸೀನುಗಳು ನಾಲ್ಕೈದು ನಿಮಿಷ ದಾಟದಿರಲಿ. ತಂಡ ಮೂರು ಕಡೆ ಹಂಚಿಹೋಗಿರುವಾಗ ಒಬ್ಬರ ಮೇಲೆ ಹದಿನೈದು ನಿಮಿಷ ನಿಂತರೆ ಮಿಕ್ಕವರು ಫೋನು ತೆಗೆಯುತ್ತಾರೆ, ಮೌನಿಗೆ ಅದು ತಕ್ಷಣ ಕಾಣುತ್ತದೆ, ‘ನನ್ನಿಂದ ಎಲ್ಲರಿಗೂ ಬೇಜಾರು’ ಎಂದು ಅವಳು ಸೀನನ್ನು ತಾನೇ ಮುಗಿಸಿಬಿಡುತ್ತಾಳೆ.

ಈಗ ಯೋಧನ ದಾಳ ಉರುಳಲಿ, ಮಂತ್ರವಾದಿಗೆ ಗುಡಿಯ ಸೀನು ಆಗಲಿ. ಆಮೇಲೆ ರಾತ್ರಿ, ಸ್ಟೋನ್‌ಹಿಲ್ ಛತ್ರದಲ್ಲಿ ನಾಲ್ವರೂ ಒಂದೇ ಮೇಜಿಗೆ. ಯೋಧ ಪುಂಡರನ್ನು ಅಟ್ಟಿದ ಕಥೆ ಹೇಳಿ ‘ಅವ್ರ ಅಡ್ಡಾ ಎಲ್ಲಿದೆ, ಹೇಗೆ ನುಗ್ಗೋದು?’ ಎಂದು ಕೇಳುತ್ತಾನೆ. ಉತ್ತರ ಗೊತ್ತಿರುವುದು ಒಬ್ಬಳಿಗೇ. ಇಡೀ ಏರ್ಪಾಟಿನ ಗುರಿ ಈ ಗಳಿಗೆ. ಇಲ್ಲಿ ಅವಳ ಕಡೆ ತಿರುಗುತ್ತಿರುವುದು ಡಿಎಂ ಅಲ್ಲ, ಯೋಧನೇ. ಡಿಎಂ ಕೈಕಟ್ಟಿ ಕೂರಬೇಕು. ‘ಕಳ್ಳಿ, ಸುರಂಗದ ವಿಷ್ಯ ಹೇಳ್ತೀಯಾ?’ ಎಂದು ಬಾಯಿ ಹಾಕಿದರೆ ಕೆಟ್ಟಿತು. ಅವಳು ಹೇಳದೆಯೂ ಇರಬಹುದು. ಗುಟ್ಟನ್ನು ತನ್ನಲ್ಲೇ ಇಟ್ಟುಕೊಳ್ಳುವ ಕಳ್ಳಿ ಕಥೆಗೆ ಇನ್ನೂ ರುಚಿ.

ಇದನ್ನೆಲ್ಲ ನಿಯಮವನ್ನಾಗಿಯೇ ಮಾಡಿದ ಆಟಗಳೂ ಇವೆ. ಜೇಸನ್ ಮಾರ್ನಿಂಗ್‌ಸ್ಟಾರ್ ಅವರ ‘ಫಿಯಾಸ್ಕೋ’ದಲ್ಲಿ ಡಿಎಂ ಇಲ್ಲವೇ ಇಲ್ಲ. 2009ರಲ್ಲಿ ಬಂದ ಈ ಆಟದಲ್ಲಿ ಸೀನು ಸರದಿಯಂತೆ ಒಬ್ಬೊಬ್ಬರ ಪಾತ್ರದ ಸುತ್ತ ನಡೆಯುತ್ತದೆ. ಸರದಿ ಬಂದವರು ಎರಡರಲ್ಲಿ ಒಂದು ಆರಿಸಬೇಕು: ಸೀನನ್ನು ತಾವೇ ಕಟ್ಟುವುದು, ಇಲ್ಲವೇ ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ತೀರ್ಮಾನಿಸುವುದು. ಕಟ್ಟಲು ಹಿಂಜರಿಯುವವರು ತೀರ್ಮಾನ ಆರಿಸುತ್ತಾರೆ, ಆಗ ಇತರರು ಅವರಿಗಾಗಿ ಸೀನು ಕಟ್ಟಿಕೊಡುತ್ತಾರೆ. ಹಠಕ್ಕೆ ಬಿದ್ದ ಟೇಬಲ್ಲಿಗೆ ಒಂದು ಸಂಜೆ ಇದನ್ನು ಆಡಿಸುವುದು ಉಪದೇಶಕ್ಕಿಂತ ವಾಸಿ. ವಾಚಾಳಿಗೆ ಕಾಯುವುದು ಅಭ್ಯಾಸವಾಗುತ್ತದೆ, ಮೌನಿಗೆ ತೀರ್ಮಾನಿಸುವುದು.

ಸೀನು ಕಟ್ಟುವುದರಿಂದ ಆಗದ ಕೆಲಸವೂ ಇದೆ. ಮೌನಿ ಮಾತಾಡಿದಾಗಲೆಲ್ಲ ಕಣ್ಣು ಹೊರಳಿಸುವವನು, ಅವಳ ಆಯ್ಕೆಯನ್ನು ‘ವೇಸ್ಟು’ ಎನ್ನುವವನು, ಅವಳ ದಾಳಕ್ಕೇ ಕೈ ಹಾಕುವವನು, ಇವರಿಗೆ ಕತ್ತರಿ ಸಾಲದು. ಅದು ಆಟದೊಳಗಿನ ಸಮಸ್ಯೆಯೇ ಅಲ್ಲ. ಇಂಥವನ ಪಾತ್ರದ ಮೇಲೆ ಡ್ರ್ಯಾಗನ್ ಬಿಟ್ಟು ಬುದ್ಧಿ ಕಲಿಸಲು ಹೊರಡುವ ಡಿಎಂಗಳಿದ್ದಾರೆ. ಅದರಿಂದ ಅವನಿಗೆ ಇನ್ನೂ ದೊಡ್ಡ ಸೀನು ಸಿಗುತ್ತದೆ, ಅಷ್ಟೇ. ಆಟ ಇಲ್ಲದ ದಿನ, ಇಬ್ಬರೇ ಇರುವಾಗ, ನೇರವಾಗಿ ಹೇಳಬೇಕು: ‘ಅವಳು ಮಾತಾಡೋವಾಗ ನೀನು ನಡುವೆ ಬಂದೆ, ಮೂರು ಸಲ. ಇನ್ಮೇಲೆ ಬೇಡ.’ ‘ಎಲ್ರಿಗೂ ಅವಕಾಶ ಕೊಡಬೇಕಪ್ಪಾ’ ಎಂಬ ಸಾಮಾನ್ಯ ಮಾತು ಅವನಿಗೆ ತಟ್ಟುವುದಿಲ್ಲ, ತಾನು ಕೊಡುತ್ತಲೇ ಇದ್ದೇನೆಂದು ಅವನು ಪ್ರಾಮಾಣಿಕವಾಗಿ ನಂಬಿರುತ್ತಾನೆ.

ತಯಾರಿಗೆ ಬಹಳ ಹೊತ್ತು ಬೇಡ. ಒಬ್ಬೊಬ್ಬರಿಗೆ ಒಂದು ಚೀಟಿ, ಅದರಲ್ಲಿ ಒಂದು ಜಾಗ, ಎದುರಿಗೆ ಒಂದು ಮನುಷ್ಯ, ಆ ಮನುಷ್ಯ ಕೇಳುವ ಒಂದು ಪ್ರಶ್ನೆ. ಮೌನಿಯ ಚೀಟಿಯನ್ನು ಎಂದೂ ಮೊದಲಿಗೆ ಇಡಬೇಡಿ, ಆಗಿನ್ನೂ ಯಾರಿಗೂ ಬಿಸಿ ಏರಿರುವುದಿಲ್ಲ. ಕೊನೆಗೂ ಬೇಡ, ಅಷ್ಟೊತ್ತಿಗೆ ಒಬ್ಬರಿಗೆ ಕ್ಯಾಬ್ ಬಂದಿರುತ್ತದೆ. ಎರಡನೆಯದಾಗಿರಲಿ, ವಾಚಾಳಿ ದಾಳ ಹಿಡಿದು ಕಾಯುತ್ತಿರುವಾಗ.